ನಂಬರ್ ಪ್ಲೇಟಿನಲ್ಲಿ ಅಕ್ಷರಗಳ ನಡುವಿನ ಖಾಲಿ ಜಾಗಕ್ಕೂ ನಿಯಮ ಏಕೆ?

ಸಂಜೆಗೆಂಪು

ಅಕ್ಷರ ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿನಿ ನಾನು. ಒಂದು ಪ್ರಬಂಧಕ್ಕಾಗಿ ಬ್ರಿಟನ್ನಿನ ವಾಹನ ಫಲಕಗಳ ನಿಯಮಗಳನ್ನು ಓದುತ್ತಿದ್ದೇನೆ. 2001ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಅಳತೆಗಳ ಪ್ರಕಾರ ಅಕ್ಷರದ ಎತ್ತರ 79 ಮಿ.ಮೀ., ಅಗಲ 50, ಗೆರೆಯ ದಪ್ಪ 14. ಇಷ್ಟಕ್ಕೆ ಕಾರಣ ಹೊಳೆಯುತ್ತದೆ. ಆದರೆ ಅಕ್ಷರ ಅಕ್ಷರದ ನಡುವೆ 11 ಮಿ.ಮೀ., ಎರಡು ಗುಂಪುಗಳ ನಡುವೆ 33 ಮಿ.ಮೀ. ಎಂದು ಬರೆಯದೆ ಬಿಟ್ಟ ಜಾಗವನ್ನೂ ಕಟ್ಟಿ ಹಾಕಿದ್ದಾರೆ. ಅಂತರ ತಪ್ಪಿದರೆ ವಾಹನದ ವಾರ್ಷಿಕ ತಪಾಸಣೆಯಲ್ಲಿ ಅನುತ್ತೀರ್ಣ, ಜೊತೆಗೆ 1000 ಪೌಂಡಿನವರೆಗೆ ದಂಡ.

ತರಗತಿಯಲ್ಲಿ ನಮಗೆ ಕಲಿಸುವುದು ಇದಕ್ಕೆ ತದ್ವಿರುದ್ಧ. ಅಂತರವನ್ನು ಕಣ್ಣಿನಿಂದ ಹೊಂದಿಸಬೇಕು, ಅಳತೆಪಟ್ಟಿಯಿಂದಲ್ಲ ಎನ್ನುತ್ತಾರೆ. ಹಾಗಾದರೆ ಇಲ್ಲಿ ಅಳತೆಪಟ್ಟಿ ಗೆದ್ದದ್ದು ಏಕೆ?

ಮೊಳೆಜೋಡಣೆ

ನಿಮ್ಮ ಮೇಷ್ಟರು ಹೇಳಿದ್ದೇ ಸರಿ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿ ಬದುಕಿದವನು ನಾನು. ರೋಮನ್ ಲಿಪಿಯ ‘ಎ’ ಪಕ್ಕದಲ್ಲಿ ‘ವಿ’ ಬಂದರೆ, ಎರಡರ ಇಳಿಜಾರೂ ಒಂದೇ ದಿಕ್ಕಿಗೆ ವಾಲುವುದರಿಂದ ನಡುವೆ ದೊಡ್ಡ ಹಳ್ಳ ಬಿದ್ದಂತೆ ಕಾಣುತ್ತದೆ. ‘ಎಚ್’ ಪಕ್ಕದಲ್ಲಿ ‘ಎನ್’ ಬಂದರೆ ಎರಡು ಕಂಬಗಳು ಮುಖಾಮುಖಿಯಾಗಿ ಇಕ್ಕಟ್ಟು. ಎರಡಕ್ಕೂ ಒಂದೇ 11 ಮಿ.ಮೀ. ಎಂದರೆ ಅದು ಕಣ್ಣಿಗೆ ಮಾಡಿದ ಅನ್ಯಾಯ. ಇದೆಲ್ಲ ಕ್ಯಾಮೆರಾಗಳು ಬಂದ ಮೇಲೆ ಯಂತ್ರದ ಅನುಕೂಲಕ್ಕೆ ಮಾಡಿದ ವ್ಯವಸ್ಥೆ. ಮನುಷ್ಯ ಓದುವುದಕ್ಕೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ.

ಅಳತೆಗೋಲು

ಯಜಮಾನರೇ, ‘ಎ–ವಿ’ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಕ್ಯಾಮೆರಾ ವಿಷಯದಲ್ಲಿ ಒಪ್ಪುವುದಿಲ್ಲ. ರಸ್ತೆ ಫಲಕಗಳ ನಕ್ಷೆ ಹಾಕುವುದು ನನ್ನ ಕೆಲಸ, ಹಾಗಾಗಿ ಸ್ವಲ್ಪ ಲೆಕ್ಕ ಮಾಡಿ ತೋರಿಸುತ್ತೇನೆ.

ಬ್ರಿಟನ್ನಿನಲ್ಲಿ ಚಾಲನಾ ಪರವಾನಗಿ ಬೇಕೆಂದರೆ 20 ಮೀಟರ್ ದೂರದಲ್ಲಿ ನಿಂತಿರುವ ವಾಹನದ ಸಂಖ್ಯೆಯನ್ನು ಓದಿ ಹೇಳಬೇಕು. ಜೊತೆಗೆ ದೃಷ್ಟಿ ಕನಿಷ್ಠ 6/12 ಇರಬೇಕು. ಅಂದರೆ ಸಾಮಾನ್ಯ ಕಣ್ಣು 12 ಮೀಟರಿನಿಂದ ಓದುವುದನ್ನು ಇವರು 6 ಮೀಟರಿಗೆ ಬಂದು ಓದಿದರೂ ಸಾಕು. ಕಣ್ಣಿನ ವೈದ್ಯರ ಲೆಕ್ಕದಲ್ಲಿ 6/6 ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಅಂತರವೆಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. 20 ಮೀಟರ್ ದೂರದಲ್ಲಿ ಅದು ಸುಮಾರು 5.8 ಮಿ.ಮೀ. ಆಗುತ್ತದೆ. 6/12 ಕಣ್ಣಿಗೆ ಅದರ ಎರಡರಷ್ಟು ಬೇಕು, ಸುಮಾರು 11.6 ಮಿ.ಮೀ.

ಈಗ ಫಲಕವನ್ನು ನೋಡಿ. ಗೆರೆಯ ದಪ್ಪ 14 ಮಿ.ಮೀ., ಈ ಮಿತಿಗಿಂತ ಸ್ವಲ್ಪ ಮೇಲೆ. ಅಕ್ಷರಗಳ ನಡುವಿನ ಜಾಗ 11 ಮಿ.ಮೀ., ಹೆಚ್ಚುಕಡಿಮೆ ಮಿತಿಯ ಮೇಲೆಯೇ. ನಿಯಮ ಬರೆದವರು ಇದೇ ದಾರಿಯಲ್ಲಿ ಲೆಕ್ಕ ಹಾಕಿದರೆಂದು ನಾನು ಹೇಳುತ್ತಿಲ್ಲ. ಆದರೆ ಆ ಅಂತರದಲ್ಲಿ ಕಿತ್ತುಕೊಳ್ಳುವಷ್ಟು ಹೆಚ್ಚುವರಿ ಏನೂ ಉಳಿದಿಲ್ಲ ಎಂಬುದಂತೂ ಸ್ಪಷ್ಟ. 11 ಇದ್ದದ್ದನ್ನು 5 ಮಾಡಿದರೆ 20 ಮೀಟರಿನಿಂದ 6/6 ಕಣ್ಣಿಗೂ ಎರಡು ಕಂಬಗಳು ಅಂಟಿಕೊಳ್ಳಲು ಶುರುವಾಗುತ್ತವೆ. ಕ್ಯಾಮೆರಾ ಇರಲಿ, ಇಲ್ಲದಿರಲಿ.

‘ಎ–ವಿ’ ನಡುವೆ ಹಳ್ಳ ಬಿದ್ದರೆ ಫಲಕ ಕುರೂಪವಾಗಿ ಕಾಣಬಹುದು, ಆದರೆ ಓದಲು ತೊಂದರೆಯಾಗುವುದಿಲ್ಲ. ಇಕ್ಕಟ್ಟಾದರೆ ಮಾತ್ರ ಕೆಡುತ್ತದೆ. ಪುಸ್ತಕದ ಪುಟಕ್ಕೂ ಫಲಕಕ್ಕೂ ಇರುವ ವ್ಯತ್ಯಾಸ ಇಲ್ಲೇ.

ಮೊಳೆಜೋಡಣೆ

ಲೆಕ್ಕ ಚೆನ್ನಾಗಿದೆ. ಆದರೂ ಕನಿಷ್ಠ 11 ಇರಲಿ ಎನ್ನಬಹುದಿತ್ತಲ್ಲ? ಅದಕ್ಕಿಂತ ಹೆಚ್ಚು ಬಿಡುವುದನ್ನು ಏಕೆ ತಡೆಯಬೇಕು?

ಅಳತೆಗೋಲು

ಜಾಗದ ಲೆಕ್ಕ ಮಾಡಿ ನೋಡಿ. ಈಗಿನ ಬ್ರಿಟಿಷ್ ಸಂಖ್ಯೆಯಲ್ಲಿ ಏಳು ಚಿಹ್ನೆಗಳು, ಮೊದಲು ನಾಲ್ಕು, ಆಮೇಲೆ ಮೂರು. ಏಳು ಐವತ್ತಲಿ 350. ಮೊದಲ ಗುಂಪಿನೊಳಗೆ ಮೂರು ಅಂತರ, 33. ಗುಂಪುಗಳ ನಡುವೆ 33. ಎರಡನೆಯ ಗುಂಪಿನೊಳಗೆ ಎರಡು ಅಂತರ, 22. ಎಡಬಲದ ಅಂಚಿಗೆ ಕನಿಷ್ಠ 11ರಂತೆ 22. ಒಟ್ಟು 460 ಮಿ.ಮೀ. ಸಾಮಾನ್ಯ ಫಲಕದ ಉದ್ದ 520. ಉಳಿಯುವುದು 60 ಮಾತ್ರ. ಎಡಗಡೆ ದೇಶದ ಗುರುತಿನ ಪಟ್ಟಿ ಹಾಕಿದರೆ ಅದರಲ್ಲಿ ಬಹುಪಾಲು ಅಲ್ಲಿಗೇ ಹೋಯಿತು.

2001ಕ್ಕೆ ಮುಂಚೆ ಅಕ್ಷರದ ಅಗಲ 57 ಇತ್ತು. ಇದೇ ಲೆಕ್ಕಕ್ಕೆ 57 ಹಾಕಿದರೆ 509 ಬರುತ್ತದೆ. ಪಟ್ಟಿಗೆ ಜಾಗವೇ ಇಲ್ಲ. ಅಗಲವನ್ನು 50ಕ್ಕೆ ಇಳಿಸಿದಾಗ ಕಣ್ಣಿನ ಪರೀಕ್ಷೆಯ ದೂರವನ್ನೂ ಇಳಿಸಿದರು. ಹಳೆಯ ಅಗಲದ ಫಲಕಕ್ಕೆ 20.5 ಮೀಟರ್, ಹೊಸದಕ್ಕೆ 20. ಎತ್ತರ, ಗೆರೆಯ ದಪ್ಪ ಎರಡೂ ಹಾಗೇ ಇದ್ದರೂ, ಅಕ್ಷರ ಕಿರಿದಾದ ಮಾತ್ರಕ್ಕೆ ಓದುವ ದೂರ ಅರ್ಧ ಮೀಟರ್ ಕಡಿಮೆಯಾಗುತ್ತದೆ ಎಂದು ನಿಯಮವೇ ಒಪ್ಪಿಕೊಂಡಂತಾಯಿತು. ನನಗೆ ಬಹಳ ಇಷ್ಟವಾದ ವಿವರ ಇದು.

ಇನ್ನೊಂದು ಕಾರಣ ನ್ಯಾಯಾಲಯದ್ದು. ‘ಕಣ್ಣಿಗೆ ಹಿತವಾಗಿರಬೇಕು’ ಎಂಬ ನಿಯಮವನ್ನು ತಪಾಸಣೆ ಮಾಡುವವನು ಜಾರಿ ಮಾಡುವುದು ಹೇಗೆ? ಯಾರ ಕಣ್ಣು? 11 ಮಿ.ಮೀ. ಎಂದರೆ ಪಟ್ಟಿ ಇಟ್ಟು ತೋರಿಸಿದರೆ ವಾದ ಮುಗಿಯಿತು. ಫಲಕ ತಯಾರಿಸುವವರು ಅಷ್ಟೊಂದು ಮಂದಿ ಇರುವಾಗ, ಯಾರ ಕೈಯಿಂದ ಬಂದರೂ ಅದೇ ಸಂಖ್ಯೆಯ ಫಲಕ ಒಂದೇ ತೆರನಾಗಿರಬೇಕು.

ಗಾಲಿಮಾತು

ಚರ್ಚೆ ಎಲ್ಲೋ ಹೋಯಿತು, ನನ್ನದೊಂದು ಪ್ರಶ್ನೆ. ನಾನು ಕೆಲಸ ಮಾಡುವ ಕಟ್ಟಡದ ವಾಹನ ನಿಲುಗಡೆಯ ಗೇಟು ನನ್ನ ಕಾರಿನ ಫಲಕವನ್ನು ಓದುವುದೇ ಇಲ್ಲ. ಪ್ರತಿ ಸಲ ಕಾವಲುಗಾರರು ಬಂದು ತೆರೆಯಬೇಕು. ಕ್ಯಾಮೆರಾ ಕೆಟ್ಟಿದೆ ಎಂದು ದೂರು ಕೊಟ್ಟೆ. ಉಳಿದವರ ಕಾರುಗಳನ್ನೆಲ್ಲ ಓದುತ್ತದೆ ಎಂದರು. ಫಲಕ ಕೊಳೆಯಾಗಿಲ್ಲ, ಹೊಸದು. ಅಕ್ಷರಗಳು ಉಬ್ಬಿಕೊಂಡಿರುವ, ಸ್ವಲ್ಪ ದಪ್ಪನೆಯ ಸೊಗಸಾದ ನಮೂನೆ. ಯಾವ ಫಾಂಟ್ ಹಾಕಿಸಿದರೆ ಗೇಟು ಓದುತ್ತದೆ ಎಂದು ತಿಳಿಸಿ.

ಬಿಂಬಶೋಧ

ಫಲಕ ಓದುವ ತಂತ್ರಾಂಶದಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ನಿಮ್ಮ ಪ್ರಶ್ನೆ ನನ್ನ ಅಂಗಳಕ್ಕೇ ಬಂದಿದೆ. ಮೊದಲು ಹೇಳಿ: ‘ದಪ್ಪನೆಯ’ ಎಂದರೆ ಗೆರೆ ದಪ್ಪವೇ? ಫಲಕವನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೆಯೇ? ಸ್ಕ್ರೂ ತಲೆ ಯಾವ ಬಣ್ಣ, ಎಲ್ಲಿದೆ?

ಗಾಲಿಮಾತು

ಗೆರೆಯೇ ದಪ್ಪ. ಎರಡು ಕಪ್ಪು ಸ್ಕ್ರೂಗಳಿವೆ. ಒಂದು ಎರಡನೆಯ ಮತ್ತು ಮೂರನೆಯ ಅಕ್ಷರಗಳ ನಡುವೆ, ಮಧ್ಯದ ಎತ್ತರದಲ್ಲಿ. ಅಕ್ಷರದ ಬಣ್ಣಕ್ಕೆ ಹೊಂದಲಿ ಎಂದು ಕಪ್ಪು ಹಾಕಿಸಿದ್ದು. ಆದರೆ ಇದಕ್ಕೂ ಫಾಂಟಿಗೂ ಏನು ಸಂಬಂಧ?

ಬಿಂಬಶೋಧ

ಸಂಬಂಧ ಇದೆ. ಫಲಕದ ಉದ್ದ ಬದಲಾಗದೆ ಗೆರೆ ಮಾತ್ರ ದಪ್ಪವಾದರೆ, ಆ ಹೆಚ್ಚುವರಿ ಕಪ್ಪು ಬರುವುದು ಬಿಳಿಯ ಜಾಗದಿಂದಲೇ. ‘ಬಿ’ ಹಾಗೂ ‘8’ರ ಒಳಗಿನ ಕಿಂಡಿಗಳು ಮುಚ್ಚುತ್ತವೆ, ಹೊರಗಿನ ಅಂತರ ಕಿರಿದಾಗುತ್ತದೆ. ಆ ಕಿರಿದಾದ ಅಂತರದ ನಡುಮಧ್ಯೆ ಕಪ್ಪು ಸ್ಕ್ರೂ ಕೂರಿಸಿದರೆ ಎರಡು ಅಕ್ಷರಗಳ ನಡುವೆ ಸೇತುವೆ ಕಟ್ಟಿದಂತಾಯಿತು. ಹಳೆಯ ತಂತ್ರಾಂಶವಾದರೆ ಮೊದಲು ಮಾಡುವ ಕೆಲಸವೇ ಬಿಳಿಯ ಲಂಬ ಪಟ್ಟಿಗಳನ್ನು ಹುಡುಕಿ ಅಲ್ಲಿ ಕತ್ತರಿಸುವುದು. ನಿಮ್ಮ ಎರಡನೆಯ, ಮೂರನೆಯ ಅಕ್ಷರಗಳ ನಡುವೆ ಆ ಪಟ್ಟಿಯೇ ಇಲ್ಲ. ಎರಡೂ ಸೇರಿ ಒಂದು ವಿಚಿತ್ರ ಆಕಾರ; ತಂತ್ರಾಂಶದ ಪಟ್ಟಿಯಲ್ಲಿ ಅಂಥ ಅಕ್ಷರವಿಲ್ಲ, ಗೇಟು ತೆರೆಯುವುದಿಲ್ಲ.

ನೀವೇ ಪರೀಕ್ಷಿಸಬಹುದು. ಗೇಟಿನ ಕ್ಯಾಮೆರಾ ಇರುವ ಕಡೆಯಿಂದ, ಅದೇ ಓರೆಯಲ್ಲಿ ಮೊಬೈಲಿನಿಂದ ಫೋಟೊ ತೆಗೆಯಿರಿ. ಅದನ್ನು ಅಕ್ಷರದ ಎತ್ತರ ಸುಮಾರು 20 ಪಿಕ್ಸೆಲ್ ಆಗುವವರೆಗೆ ಚಿಕ್ಕದು ಮಾಡಿ, ಆಮೇಲೆ ಪರದೆಯ ಮೇಲೆ ಮತ್ತೆ ಹಿಗ್ಗಿಸಿ ನೋಡಿ. ಸರಿಯಾದ ಅಳತೆಯ ಫಲಕದಲ್ಲಿ ಪ್ರತಿ ಎರಡು ಅಕ್ಷರಗಳ ನಡುವೆ ಎರಡು ಮೂರು ಪಿಕ್ಸೆಲ್ ಅಗಲದ ಬಿಳಿ ಗೆರೆ ಮೇಲಿನಿಂದ ಕೆಳಗಿನವರೆಗೆ ಉಳಿಯುತ್ತದೆ. ನಿಮ್ಮದರಲ್ಲಿ ಅದು ಎಲ್ಲಿ ಬೂದಾಗುತ್ತದೆಯೋ ಅಲ್ಲೇ ರೋಗ.

ಫಾಂಟ್ ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ನಿಯಮದಲ್ಲಿರುವ ಆಕಾರವನ್ನೇ ಹಾಕಿಸಿ, ಸ್ಕ್ರೂಗೆ ಹಿನ್ನೆಲೆಯ ಬಣ್ಣದ ಟೊಪ್ಪಿ ಹಾಕಿಸಿ.

ಮೊಳೆಜೋಡಣೆ

ನೋಡಿದಿರಾ, ಕೊನೆಗೆ ಯಂತ್ರಕ್ಕಾಗಿಯೇ ಎಂದು ಬಂತಲ್ಲ! ಈಗಿನ ತಂತ್ರಾಂಶಗಳು ಕತ್ತರಿಸದೆ ಇಡೀ ಸಾಲನ್ನೇ ಒಂದು ನೋಟಕ್ಕೆ ಓದುತ್ತವೆ ಎಂದು ಕೇಳಿದ್ದೇನೆ. ಹಾಗಿದ್ದರೆ ಇನ್ನು ಮುಂದೆ ಅಂತರದ ನಿಯಮವನ್ನು ಸಡಿಲಿಸಬಹುದು.

ಬಿಂಬಶೋಧ

ಓದುತ್ತವೆ ನಿಜ, ನಾವೂ ಈಗ ಹಾಗೆಯೇ ಮಾಡುತ್ತೇವೆ. ಅಕ್ಷರಗಳು ಒಂದಕ್ಕೊಂದು ತಾಗಿದ್ದರೂ ಬಹಳ ಸಲ ಸರಿಯಾಗಿ ಬರುತ್ತದೆ. ಆದರೆ ಅಂತರ ಬರೀ ಬೇಲಿಯಲ್ಲ. ಕೆಲವು ಕಡೆ ಅದು ಸಂಖ್ಯೆಯ ಒಂದು ಭಾಗವೇ. ಜರ್ಮನಿಯ ಫಲಕ ನೋಡಿ. ಮೊದಲ ಒಂದರಿಂದ ಮೂರು ಅಕ್ಷರಗಳು ನೋಂದಣಿಯಾದ ಜಿಲ್ಲೆಯ ಗುರುತು, ಆಮೇಲೆ ಮುದ್ರೆ ಅಂಟಿಸಿದ ಅಂತರ, ಆಮೇಲೆ ಉಳಿದದ್ದು. ‘ಬಿ’ ಎಂದರೆ ಬರ್ಲಿನ್. ‘ಬಿ ಎಂ’ ಎಂದರೆ ಕಲೋನ್ ನಗರದ ಪಕ್ಕದ ಜಿಲ್ಲೆ. ಹಾಗಾಗಿ ‘ಬಿ – ಎಂ ಡಬ್ಲ್ಯೂ 123’ ಹಾಗೂ ‘ಬಿ ಎಂ – ಡಬ್ಲ್ಯೂ 123’ ಎರಡು ಬೇರೆ ಬೇರೆ ವಾಹನಗಳಾಗಬಹುದು. ಅಕ್ಷರಗಳು ಅವೇ, ಕ್ರಮ ಅದೇ, ಖಾಲಿ ಜಾಗ ಮಾತ್ರ ಸ್ಥಳ ಬದಲಿಸಿದೆ. ಆ ಜಾಗವನ್ನು ಮಾಲೀಕ ತನಗೆ ಬೇಕಾದಂತೆ ಸರಿಸಿದರೆ ದಂಡದ ಚೀಟಿ ಇನ್ನೊಬ್ಬರ ಮನೆಗೆ ಹೋಗುತ್ತದೆ. ಎಷ್ಟು ಜಾಣ ತಂತ್ರಾಂಶ ತಂದರೂ ಫಲಕದಲ್ಲಿ ಇಲ್ಲದ ಮಾಹಿತಿಯನ್ನು ಅದು ಓದಲಾರದು.

ಸಂಜೆಗೆಂಪು

ಜರ್ಮನಿಯ ಮಾತು ಬಂದದ್ದು ಒಳ್ಳೆಯದಾಯಿತು. ಅಲ್ಲಿನ ಈಗಿನ ಅಕ್ಷರಗಳು ನನಗೆ ನಿಜವಾಗಿಯೂ ವಿಕಾರವಾಗಿ ಕಾಣುತ್ತವೆ. ಒಂದಕ್ಕೊಂದು ಹೊಂದಿಕೆಯೇ ಇಲ್ಲ. ಒಬ್ಬ ಒಳ್ಳೆಯ ಅಕ್ಷರ ಕಲಾವಿದರು ಹಾಗೆ ಬರೆದರೆಂದರೆ ನಂಬಲು ಕಷ್ಟ.

ಅಳತೆಗೋಲು

ಬೇಕೆಂದೇ ಹಾಗೆ ಬರೆದದ್ದು. ಮೊದಲು ಅಲ್ಲಿ ಬಳಕೆಯಲ್ಲಿದ್ದದ್ದು ಡಿನ್ 1451 ಎಂಬ ಶುದ್ಧ ರೇಖಾಗಣಿತದ ಅಕ್ಷರಮಾಲೆ. ಒಂದೇ ವೃತ್ತ, ಒಂದೇ ಕಂಬ, ಎಲ್ಲ ಅಕ್ಷರಗಳಿಗೂ ಅವೇ ಭಾಗಗಳು. ವಿನ್ಯಾಸದ ಕಣ್ಣಿಗೆ ಅದು ಗುಣ. ಕಳ್ಳನ ಕಣ್ಣಿಗೂ ಅದು ಗುಣವೇ. ಕಪ್ಪು ಪಟ್ಟಿಯ ಒಂದು ತುಂಡಿನಿಂದ ‘ಪಿ’ಯನ್ನು ‘ಆರ್’ ಮಾಡಬಹುದು, ‘ಎಫ್’ ಅನ್ನು ‘ಇ’ ಮಾಡಬಹುದು, 3ನ್ನು 8 ಮಾಡಬಹುದು. ಎಪ್ಪತ್ತರ ದಶಕದ ಭಯೋತ್ಪಾದನೆಯ ದಿನಗಳಲ್ಲಿ ಇದು ಅಲ್ಲಿನ ಸರ್ಕಾರಕ್ಕೆ ಚಿಂತೆಯ ವಿಷಯವಾಯಿತು. ಕಾರ್ಲ್‌ಗಿಯಾರ್ಗ್ ಹೋಫರ್ ಎಂಬ ಅಕ್ಷರ ವಿನ್ಯಾಸಕಾರರು 1978ರಿಂದ 1980ರ ನಡುವೆ ಹೊಸ ಅಕ್ಷರಗಳನ್ನು ರೂಪಿಸಿದರು. ಅದರ ಹೆಸರೇ ‘ತಿದ್ದುವುದನ್ನು ಕಷ್ಟವಾಗಿಸುವ ಲಿಪಿ’ ಎಂಬರ್ಥದ್ದು. ಗೀಸನ್ ವಿಶ್ವವಿದ್ಯಾಲಯದಲ್ಲಿ ಅದರ ಓದುವಿಕೆಯ ಪರೀಕ್ಷೆಯೂ ನಡೆಯಿತು. ಕಡ್ಡಾಯವಾದದ್ದು ಮಾತ್ರ 2000ದ ನವೆಂಬರ್‌ನಲ್ಲಿ.

ಅದರ ಉಪಾಯ ಸರಳ: ಯಾವ ಅಕ್ಷರವೂ ಇನ್ನೊಂದರ ಅಪೂರ್ಣ ರೂಪ ಆಗಬಾರದು. ‘ಪಿ’ಗೆ ಕಾಲು ಅಂಟಿಸಿದರೆ ‘ಆರ್’ ಆಗಬಾರದು, ಏಕೆಂದರೆ ಎರಡರ ಹೊಟ್ಟೆಯ ಅಳತೆಯೇ ಬೇರೆ. ಸೊನ್ನೆಗೂ ‘ಓ’ಗೂ ಆಕಾರ ಬೇರೆ. ನಿಮಗೆ ಹೊಂದಿಕೆಯಿಲ್ಲ ಎನಿಸಿದ್ದು ಅದಕ್ಕೇ. ಹೊಂದಿಕೆಯನ್ನು ತೆಗೆಯುವುದೇ ಕೆಲಸವಾಗಿತ್ತು.

ಜೊತೆಗೆ ಅಗಲವನ್ನೂ ಬಿಗಿ ಮಾಡಿದ್ದಾರೆ. ಸಾಮಾನ್ಯ ಗಾತ್ರದಲ್ಲಿ ಎಲ್ಲ ಅಕ್ಷರಗಳಿಗೂ 47.5 ಮಿ.ಮೀ., ಎಲ್ಲ ಅಂಕಿಗಳಿಗೂ 44.5. ಅಗಲ, ಅಂತರ ಎರಡೂ ನಿಗದಿಯಾಗಿದ್ದಾಗ ಯಾರಾದರೂ ಆಕಾರ ತಿದ್ದಿದರೆ ಪಕ್ಕದ ಜಾಗ ಸುಳ್ಳು ಹೇಳುವುದಿಲ್ಲ.

ಬ್ರಿಟನ್ ಈ ದಾರಿ ಹಿಡಿಯಲಿಲ್ಲ. ಅಲ್ಲಿ ಸೊನ್ನೆಗೂ ‘ಓ’ಗೂ ಒಂದೇ ಆಕಾರ, 1ಕ್ಕೂ ‘ಐ’ಗೂ ಒಂದೇ. ಯಾವುದು ಯಾವುದೆಂದು ಸ್ಥಾನ ನೋಡಿ ತಿಳಿಯಬೇಕು. ಎರಡಕ್ಷರ, ಎರಡಂಕಿ, 33 ಮಿ.ಮೀ. ಬಿಡುವು, ಮೂರಕ್ಷರ. ಆ ಬಿಡುವನ್ನು ಸರಿಸಿದರೆ ಓದುವವರ ಆಧಾರವೇ ಸರಿದಂತೆ. ನನಗೆ ಕೇಳಿದರೆ ಜರ್ಮನಿಯದೇ ಜಾಣತನ. ಆದರೆ ನೋಡಲು ಬ್ರಿಟನ್ನಿನದೇ ಚೆಂದ.

ಹಾದಿಹೋಕಿ

ಇಷ್ಟು ಹೊತ್ತು ಬರೀ ಪ್ಲೇಟು. ರಸ್ತೆ ಫಲಕಗಳಲ್ಲಿ ಅಕ್ಷರಗಳು ಪುಸ್ತಕಕ್ಕಿಂತ ದೂರದೂರ ಇರುತ್ತವೆ, ಅದು ಏಕೆ? ಬೋರ್ಡು ದೊಡ್ಡದಾದರೆ ಖರ್ಚೂ ಹೆಚ್ಚಲ್ಲವೇ? ಅದೇ ಜಾಗದಲ್ಲಿ ಅಕ್ಷರವನ್ನೇ ದೊಡ್ಡದು ಮಾಡಿ ಒತ್ತಾಗಿ ಬರೆಯಬಹುದಿತ್ತು.

ಅಳತೆಗೋಲು

ದೊಡ್ಡದು ಮಾಡಿ ಒತ್ತಿದರೆ ಗಳಿಸಿದ್ದನ್ನು ಕಳೆದುಕೊಳ್ಳುತ್ತೀರಿ. ದೂರದಿಂದ ಪಕ್ಕದಕ್ಷರದ ಅಂಚು ಈ ಅಕ್ಷರದ ಗುರುತನ್ನು ಕೆಡಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ರಾತ್ರಿ. ಫಲಕದ ಹಾಳೆ ವಾಹನದ ದೀಪದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ. ಕಡುಬಣ್ಣದ ಮೇಲೆ ಬಿಳಿ ಅಕ್ಷರವಾದರೆ ಆ ಬಿಳಿ ತನ್ನ ಅಂಚನ್ನು ದಾಟಿ ಹರಡುತ್ತದೆ. ಒಳಗಿನ ಕಿಂಡಿ ತುಂಬುತ್ತದೆ, ಎರಡು ಅಕ್ಷರಗಳ ನಡುವಿನ ಕತ್ತಲೆ ಕರಗುತ್ತದೆ. ವಯಸ್ಸಾದ ಕಣ್ಣಿಗೆ ಇನ್ನೂ ಹೆಚ್ಚು. ಬಿಳಿಯ ಮೇಲೆ ಕಪ್ಪಾದರೆ ಇದು ತಲೆಕೆಳಗಾಗುತ್ತದೆ. ಹಿನ್ನೆಲೆಯ ಹೊಳಪು ಅಕ್ಷರವನ್ನೇ ಕೊರೆದು ತೆಳುವಾಗಿಸುತ್ತದೆ. ಆದ್ದರಿಂದಲೇ ಬ್ರಿಟನ್ನಿನ ರಸ್ತೆಗಳಿಗೆ ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ರೂಪಿಸಿದ ಟ್ರಾನ್ಸ್‌ಪೋರ್ಟ್ ಅಕ್ಷರಗಳಿಗೆ ಎರಡು ದಪ್ಪಗಳಿವೆ: ಕಡುಬಣ್ಣದ ಮೇಲೆ ಬರುವ ಬಿಳಿಗೆ ತೆಳ್ಳಗಿನದು, ಬಿಳಿಯ ಮೇಲೆ ಬರುವ ಕಪ್ಪಿಗೆ ದಪ್ಪದ್ದು.

ಯಜಮಾನರಿಗೆ ಇಷ್ಟವಾಗುವ ಮಾತು ಈಗ ಬರುತ್ತದೆ. ಅಂತರವನ್ನು ಅವರು ಫಲಕ ಬರೆಯುವವರ ಕೈಗೆ ಬಿಡಲಿಲ್ಲ, ಹಾಗೆಂದು ಎಲ್ಲಕ್ಕೂ ಒಂದೇ ಅಳತೆಯನ್ನೂ ಹೇರಲಿಲ್ಲ. ಪ್ರತಿ ಅಕ್ಷರವನ್ನೂ ಅದಕ್ಕೆ ತಕ್ಕ ಅಗಲದ ಒಂದು ಬಿಲ್ಲೆಯ ಮೇಲೆ ಕೂರಿಸಿದರು. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಬಿಡಬೇಕೆಂಬುದು ಬಿಲ್ಲೆಯಲ್ಲೇ ಇದೆ. ಬಿಲ್ಲೆಗಳನ್ನು ಪಕ್ಕಪಕ್ಕ ತಾಗಿಸಿ ಇಟ್ಟರೆ ಹೆಸರು ಸಿದ್ಧ. ಫಲಕದ ಉಳಿದ ಅಳತೆಗಳೂ ಗೆರೆಯ ದಪ್ಪದಿಂದಲೇ ಹುಟ್ಟುತ್ತವೆ. ಸಣ್ಣಕ್ಷರದ ಎತ್ತರ ನಾಲ್ಕು ಗೆರೆಯಷ್ಟು. ಸಾಲಿನ ನಡುವಿನ ಜಾಗ, ಅಂಚು, ಬಾಣದ ಗಾತ್ರ ಎಲ್ಲವನ್ನೂ ಅದೇ ಮಾನದಲ್ಲಿ ಹೇಳುತ್ತಾರೆ. ವೇಗದ ರಸ್ತೆಗೆ ದೊಡ್ಡ ಅಕ್ಷರ ಬೇಕೆಂದರೆ ಒಂದು ಸಂಖ್ಯೆ ಬದಲಿಸಿದರೆ ಸಾಕು, ಅಂತರವೂ ತಾನಾಗಿ ಬೆಳೆಯುತ್ತದೆ.

ಮೊಳೆಜೋಡಣೆ

ಇದು ನಮ್ಮ ಅಚ್ಚುಮೊಳೆಯೇ! ಮೊಳೆಯ ಮೈ ಅಕ್ಷರಕ್ಕಿಂತ ಅಗಲ, ಅಕ್ಕಪಕ್ಕದ ಬಿಳಿ ಲೋಹದಲ್ಲೇ ಸೇರಿರುತ್ತದೆ. ಹಾಗಾದರೆ ರಸ್ತೆ ಫಲಕದವರು ನನ್ನ ಪಕ್ಷ. ಪ್ಲೇಟಿನವರ ಮೇಲಿನ ತಕರಾರು ಮಾತ್ರ ಹಾಗೇ ಇರಲಿ.

ಬಿಂಬಶೋಧ

ನಿಯಮ ಬರೆದವರಿಗೂ ಎಲ್ಲವೂ ಖಚಿತವಿರುವುದಿಲ್ಲ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ ಹಳೆಯ ಹೆದ್ದಾರಿ ಅಕ್ಷರಗಳ ಬದಲಿಗೆ ಒಳಕಿಂಡಿಗಳನ್ನು ತೆರೆದ ಕ್ಲಿಯರ್‌ವ್ಯೂ ಎಂಬ ಅಕ್ಷರಕ್ಕೆ 2004ರಲ್ಲಿ ತಾತ್ಕಾಲಿಕ ಒಪ್ಪಿಗೆ ಕೊಟ್ಟರು. 2016ರಲ್ಲಿ ಹಿಂತೆಗೆದುಕೊಂಡರು, 2018ರಲ್ಲಿ ಮತ್ತೆ ಕೊಟ್ಟರು. ಕಡುಬಣ್ಣದ ಮೇಲಿನ ಬಿಳಿ ಬರಹಕ್ಕೆ ಅನುಕೂಲ ಕಂಡರೂ ಬಿಳಿಯ ಮೇಲಿನ ಕಪ್ಪು ಬರಹದಲ್ಲಿ ಅದು ಹಳೆಯದಕ್ಕಿಂತ ಹಿಂದೆ ಬಿತ್ತು. ಮೊದಲ ಹೋಲಿಕೆಗಳಲ್ಲಿ ಕಂಡ ಲಾಭದಲ್ಲಿ ಹೊಸ ಹೊಳಪಿನ ಹಾಳೆಯ ಪಾಲೆಷ್ಟು, ಅಕ್ಷರದ ಪಾಲೆಷ್ಟು ಎಂಬ ತಕರಾರೂ ಎದ್ದಿತು.

ಹಾದಿಹೋಕಿ

ಅಂದರೆ ಹಳೆಯ ಮಾಸಿದ ಫಲಕವನ್ನು ಹೊಸ ಫಲಕದ ಜೊತೆ ಇಟ್ಟು ಹೋಲಿಸಿದ್ದಾರೆ, ಹೊಸದು ಗೆದ್ದಿದೆ. ಅದು ಅಕ್ಷರದ ಪರೀಕ್ಷೆ ಹೇಗಾಗುತ್ತದೆ?

ಬಿಂಬಶೋಧ

ಎಲ್ಲ ಪರೀಕ್ಷೆಗಳೂ ಹಾಗಿರಲಿಲ್ಲ. ಆದರೆ ಜಗಳದ ಬೇರು ನೀವು ಹೇಳಿದಲ್ಲೇ ಇದೆ.

ಸಂಜೆಗೆಂಪು

ಎಲ್ಲರಿಗೂ ಧನ್ಯವಾದ. ಒಂದು ಮಾತು ಉಳಿದಿದೆ. ಇದೆಲ್ಲ ರೋಮನ್ ಲಿಪಿಯ ಲೆಕ್ಕ. ಕನ್ನಡದಲ್ಲಿ ಬರೆದ ರಸ್ತೆ ಫಲಕಕ್ಕೆ ಈ ಬಿಲ್ಲೆ ವಿಧಾನ ಹೊಂದುತ್ತದೆಯೇ? ನಮ್ಮಲ್ಲಿ ‘ಪ’ ಮತ್ತು ‘ಷ’ ನಡುವಿನ ವ್ಯತ್ಯಾಸ ಒಳಗಿನ ಒಂದು ಗೀಟು. ‘ದ’ ಮತ್ತು ‘ಧ’ ನಡುವಿನದು ಇನ್ನೂ ಚಿಕ್ಕದು. ಒತ್ತಕ್ಷರ ಕೆಳಗೆ ಇಳಿಯುತ್ತದೆ. ಯಾವುದನ್ನು ಎತ್ತರವೆಂದು ಅಳೆಯುವುದು?

ಅಳತೆಗೋಲು

ಬಿಲ್ಲೆಯ ಅಗಲ ಕೊಡುವುದು ಕಷ್ಟವಲ್ಲ, ಎತ್ತರವೇ ಕಗ್ಗಂಟು. ಒತ್ತಕ್ಷರಕ್ಕೆ ಜಾಗ ಬಿಟ್ಟರೆ ಒತ್ತಕ್ಷರವಿಲ್ಲದ ಹೆಸರುಗಳಲ್ಲಿ ಕೆಳಭಾಗ ಖಾಲಿ. ಬಿಡದಿದ್ದರೆ ಒತ್ತಕ್ಷರವನ್ನು ಕುಗ್ಗಿಸಬೇಕು, ದೂರದಿಂದ ಮೊದಲು ಕಳೆದುಹೋಗುವುದು ಅದೇ. ಅಕ್ಷರದ ಎತ್ತರಕ್ಕಿಂತ ಅದರ ಅತಿ ಸಣ್ಣ ಗುರುತಿನ ಅಳತೆಯಿಂದ ಲೆಕ್ಕ ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ: ಮೊದಲು ‘ಧ’ದ ಸೀಳು ಎಷ್ಟು ದೂರಕ್ಕೆ ಕಾಣಬೇಕೆಂದು ನಿರ್ಧರಿಸಿ, ಆಮೇಲೆ ಉಳಿದದ್ದು.

ಮೊಳೆಜೋಡಣೆ

ಒಪ್ಪುವುದಿಲ್ಲ. ಜನ ಊರಿನ ಹೆಸರನ್ನು ಇಡಿಯಾಗಿ ಗುರುತಿಸುತ್ತಾರೆ. ‘ಧ’ದ ಸೀಳು ಕಾಣದಿದ್ದರೂ ಗೊತ್ತಿರುವ ಹೆಸರು ಗೊತ್ತಾಗುತ್ತದೆ.

ಹಾದಿಹೋಕಿ

ಗೊತ್ತಿರುವವರಿಗೆ ಬೋರ್ಡು ಏಕೆ ಬೇಕು ಯಜಮಾನರೇ? ಅದು ಇರುವುದೇ ಆ ಊರಿನ ಹೆಸರು ಕೇಳಿರದವರಿಗೆ.

ಅಳತೆಗೋಲು

ಸಂಜೆಗೆಂಪು ಅವರೇ, ಪ್ರಬಂಧಕ್ಕೆ ಬೇಕಾದರೆ ನೀವೇ ಅಳೆದು ನೋಡಬಹುದು. ‘ಪ’, ‘ಷ’, ‘ದ’, ‘ಧ’ ಇರುವ, ಅರ್ಥವಿಲ್ಲದ ಪದಗಳನ್ನು ಒಂದೇ ಎತ್ತರದಲ್ಲಿ ಮುದ್ರಿಸಿ, ಅಂತರವನ್ನು ಮಾತ್ರ ಬೇರೆ ಬೇರೆ ಮಾಡಿ. ಓದುವವರು ದೂರದಿಂದ ಹತ್ತಿರಕ್ಕೆ ನಡೆದು ಬರಲಿ, ಮೊದಲ ಬಾರಿ ಸರಿಯಾಗಿ ಓದಿದ ಜಾಗವನ್ನು ಗುರುತಿಸಿ. ಹತ್ತಿರದಿಂದ ದೂರಕ್ಕೆ ಕಳುಹಿಸಬೇಡಿ, ಪದ ನೆನಪಿನಲ್ಲಿ ಉಳಿದುಬಿಡುತ್ತದೆ. ಹಗಲು ಒಮ್ಮೆ, ಕತ್ತಲಲ್ಲಿ ಒಮ್ಮೆ ಮಾಡಿ. ಎರಡರಲ್ಲೂ ಅದೇ ಹಾಳೆ ಇರಲಿ.

ಗಾಲಿಮಾತು

ಸ್ಕ್ರೂ ಟೊಪ್ಪಿ ಬದಲಿಸಿದೆ. ಗೇಟು ಒಮ್ಮೊಮ್ಮೆ ತೆರೆಯುತ್ತದೆ, ಒಮ್ಮೊಮ್ಮೆ ಇಲ್ಲ. ಪ್ಲೇಟನ್ನೇ ಬದಲಿಸಬೇಕೇ?

ಬಿಂಬಶೋಧ

ಬದಲಿಸಬೇಕು. ಸ್ಕ್ರೂ ಹೋದರೂ ಗೆರೆಯ ದಪ್ಪ ಹಾಗೇ ಇದೆಯಲ್ಲ.